ಪಾವ್ ಕಿಲೋದ ಲೆಕ್ಕ

ಗ್ರಾಂಟ್ ರೋಡ್ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದವರು ಭಾಜಿ ಗಲ್ಲಿಯನ್ನು ಹುಡುಕಬೇಕಾಗಿಲ್ಲ. ಕೊತ್ತಂಬರಿಯ ವಾಸನೆ, ತಳ್ಳುಗಾಡಿಗಳ ಸಾಲು, ಮಾರುವವರ ಕೂಗು ಅವರನ್ನು ತಾನಾಗಿಯೇ ಅಲ್ಲಿಗೆ ಒಯ್ಯುತ್ತವೆ. ಆ ಗಲ್ಲಿಯ ಒಬ್ಬ ವ್ಯಾಪಾರಿ ಹೆಂಗಸಿನೆದುರು ನಾನೊಮ್ಮೆ ತಲೆ ತಗ್ಗಿಸಿ ನಿಲ್ಲಬೇಕಾಯಿತು. ಅದಕ್ಕೆ ಕಾರಣವಾದದ್ದು ಒಂಬತ್ತನೆಯ ತರಗತಿಗೆ ನಾನು ಹಾಕಿಕೊಟ್ಟಿದ್ದ ಎರಡು ವಾರಗಳ ಒಂದು ಯೋಜನಾ ಕಾರ್ಯ. ತಪ್ಪು ಮಕ್ಕಳದ್ದೆಂದು ಮೊದಲು ಭಾವಿಸಿದ್ದೆ. ಅದು ನನ್ನ ಯೋಜನೆಯದ್ದೆಂದು ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ.

ನಾನು ಗಣಿತ ಕಲಿಸುವ ಕನ್ನಡ ಮಾಧ್ಯಮದ ತರಗತಿಯಲ್ಲಿ ಆಗ ಇದ್ದವರು ಹನ್ನೆರಡು ಮಕ್ಕಳು. ಮಹಾರಾಷ್ಟ್ರದ ಒಂಬತ್ತನೆಯ ತರಗತಿಯ ಬೀಜಗಣಿತದ ಕೊನೆಯ ಪಾಠ ಸಂಖ್ಯಾಶಾಸ್ತ್ರ. ಮಾಹಿತಿ ಸಂಗ್ರಹ, ಕೋಷ್ಟಕ, ಸರಾಸರಿ, ಮಧ್ಯಾಂಕ ಇವಿಷ್ಟು ಅದರ ಸಾರ. ಪುಸ್ತಕದ ಅಂಕಿಗಳನ್ನು ಕೂಡಿಸಿ ಭಾಗಿಸುವುದಕ್ಕಿಂತ ಮಕ್ಕಳೇ ತರಕಾರಿಯ ದರ ತರಲಿ ಎಂದುಕೊಂಡೆ. ಮೊದಲ ದಿನ ಗುಂಪು ಮಾಡಿದೆ. ‘ಭಾಜಿ ಗಲ್ಲಿಯ ದರಗಳು’ ಎಂಬ ವಿಷಯ ಕೊಟ್ಟೆ. ಎರಡು ವಾರದ ಕೊನೆಗೆ ಚಾರ್ಟ್ ತನ್ನಿರೆಂದೆ. ನಡುವಿನ ದಿನಗಳಲ್ಲಿ ‘ಎಲ್ಲಿಗೆ ಬಂತು?’ ಎಂದು ಕೇಳುತ್ತಿದ್ದೆ. ‘ಆಗ್ತಾ ಇದೆ ಸರ್’ ಎನ್ನುತ್ತಿದ್ದರು. ನಮ್ಮ ಗ್ರಾಂಟ್ ರೋಡಿನಲ್ಲಿ ನಿಲ್ಲದೆ ಹಾಯ್ದುಹೋಗುವ ಫಾಸ್ಟ್ ಲೋಕಲಿನಂತೆ, ನನ್ನ ಯೋಜನೆಗೂ ಹೊರಟ ಜಾಗ ಮತ್ತು ತಲುಪುವ ಜಾಗ ಎರಡೇ ಇದ್ದವು.

ಚಾರ್ಟುಗಳು ಸುಂದರವಾಗಿ ಬಂದವು. ಒಂದರಲ್ಲಿ ಬೀನ್ಸಿನ ದರದ ಸ್ತಂಭಚಿತ್ರವಿತ್ತು. ಐದು ಅಂಗಡಿಗಳ ದರ 20, 20, 80, 80, 20. ಸರಾಸರಿ 44 ರೂಪಾಯಿ. ಆರನೆಯ ಅಂಗಡಿ, ಮೂಲೆಯ ಮೌಶಿಯದು, 70. ಅದರ ಸ್ತಂಭಕ್ಕೆ ಕೆಂಪು ಬಣ್ಣ ತುಂಬಿ, ಕೆಳಗೆ ‘ಸರಾಸರಿಗಿಂತ 26 ರೂಪಾಯಿ ದುಬಾರಿ’ ಎಂದು ಬರೆದಿದ್ದರು. ನಾನು ಭಾಗಾಕಾರ ಸರಿಯಿದೆಯೇ ಎಂದು ನೋಡಿ, ಅಂಕ ಕೊಟ್ಟು, ಓಣಿಯಲ್ಲಿ ತೂಗುಹಾಕಿಸಿದೆ.

ಪೋಷಕರ ಸಭೆಗೆ ಬಂದ ತಾಯಂದಿರು ಅದನ್ನು ಓದಿದರು. ಅವರಲ್ಲೊಬ್ಬರು ಮೌಶಿಯೊಡನೆ ಚೌಕಾಸಿಗೆ ನಿಂತಾಗ ‘ಶಾಲೆಯ ಕಾಗದದಲ್ಲೇ ಬರೆದಿದ್ದಾರೆ’ ಎಂದುಬಿಟ್ಟರಂತೆ. ಮರುದಿನ ಆ ದಾರಿಯಲ್ಲಿ ಹೋಗುವಾಗ ಮೌಶಿ ನನ್ನನ್ನು ಕರೆದು ನಿಲ್ಲಿಸಿ ಮರಾಠಿಯಲ್ಲಿ ಹೇಳಿದ್ದಿಷ್ಟು: ‘ಮಾಸ್ತರ, ನಾನು ಹೋಟೆಲಿನವರಿಗೆ ಕೊಡುವವಳು, ಕಿಲೋದ ಭಾವ ಹೇಳುತ್ತೇನೆ. ಪಕ್ಕದವರು ಹೇಳುವುದು ಪಾವಿನದು. ಯಾವುದೆಂದು ನಿಮ್ಮ ಹುಡುಗರು ಕೇಳಲೇ ಇಲ್ಲ.’

ಮುಂಬಯಿಯಲ್ಲಿ ಪಾವ್ ಎಂದರೆ ಕಾಲು ಕಿಲೋ. ಇಪ್ಪತ್ತು ಎಂದವರೆಲ್ಲ ಪಾವಿನ ದರ ಹೇಳಿದ್ದರು. ಎಂಬತ್ತು ಎಂದವರು ಕಿಲೋದ್ದು. ಹಾಗೆ ನೋಡಿದರೆ ಐದೂ ಅಂಗಡಿಗಳ ದರ ಕಿಲೋಗೆ ಎಂಬತ್ತೇ. ಎಪ್ಪತ್ತಕ್ಕೆ ಕೊಡುತ್ತಿದ್ದ ಮೌಶಿಯೇ ಎಲ್ಲರಿಗಿಂತ ಅಗ್ಗ. ಸರಾಸರಿಯ ಬದಲು ಮಧ್ಯಾಂಕ ತೆಗೆದಿದ್ದರೆ ಇಪ್ಪತ್ತು ಬಂದು ಆಕೆಗೆ ಇನ್ನೂ ಹೆಚ್ಚಿನ ಅನ್ಯಾಯವಾಗುತ್ತಿತ್ತು. ದರ ಬರೆದುಕೊಂಡ ಗಳಿಗೆಯಲ್ಲಿ ನುಸುಳಿದ ತಪ್ಪನ್ನು ಆಮೇಲಿನ ಯಾವ ಸೂತ್ರವೂ ತಿದ್ದಲಾರದು. ಚಾರ್ಟನ್ನು ಇಳಿಸಿದೆ, ಮೌಶಿಯ ಕ್ಷಮೆ ಕೇಳಿದೆ. ಮೂರನೆಯ ದಿನವೇ ಒಂದು ಚೀಟಿಯನ್ನು ನೋಡಿದ್ದರೆ ಕಣ್ಣಿಗೆ ಬೀಳಬಹುದಾಗಿದ್ದ ತಪ್ಪು ಹದಿನಾಲ್ಕನೆಯ ದಿನದವರೆಗೆ ಬಣ್ಣ ಹಚ್ಚಿಸಿಕೊಳ್ಳುತ್ತ ಬಂದಿತ್ತು.

ಮುಂದಿನ ವರ್ಷ ಅದೇ ಕಾರ್ಯವನ್ನು ಕೊನೆಯಿಂದ ಹಿಂದಕ್ಕೆ ಯೋಚಿಸಿದೆ. ಅಮೆರಿಕದ ಶಿಕ್ಷಣ ಚಿಂತಕ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಯೋಜನಾ ವಿಧಾನದ ಬಗ್ಗೆ ಬರೆದಾಗ, ಮಗು ಮನಃಪೂರ್ವಕವಾಗಿ ಇಟ್ಟುಕೊಂಡ ಉದ್ದೇಶವೇ ಅದರ ಜೀವ ಎಂದಿದ್ದ. ನನ್ನ ಮೊದಲ ಯೋಜನೆಯಲ್ಲಿ ಉದ್ದೇಶ ನನ್ನದಾಗಿತ್ತು, ಚಾರ್ಟ್ ಗೋಡೆಯದಾಗಿತ್ತು. ಆದ್ದರಿಂದ ಕೊನೆಯ ವಸ್ತು ಯಾರ ಕೈಗೆ ಹೋಗಬೇಕೆಂಬುದನ್ನು ಮೊದಲು ನಿಶ್ಚಯಿಸಿದೆವು. ಅದು ತಾಯಂದಿರಿಗಾಗಿ ಒಂದೇ ಪುಟದ ಕನ್ನಡದ ಹಾಳೆ. ಅದಕ್ಕೆ ಮೂರು ಕಟ್ಟಳೆಗಳು. ಓದಿದವರು ಯಾವುದಾದರೊಂದು ತೀರ್ಮಾನಕ್ಕೆ ಬರುವಂತಿರಬೇಕು. ಪ್ರತಿ ಅಂಕಿಯ ಪಕ್ಕ ಅಳತೆ, ಹೊತ್ತು, ಎಷ್ಟು ಅಂಗಡಿಗಳ ದರ ಎಂಬುದು ಇರಬೇಕು. ಯಾವ ವ್ಯಾಪಾರಿಯ ಗುರುತೂ ಇರಬಾರದು.

ಪ್ರಶ್ನೆಯನ್ನು ಮಕ್ಕಳಿಂದಲೇ ಹೊರಡಿಸಿದೆ. ‘ತರಕಾರಿ ಏಕೆ ದುಬಾರಿ?’ ಎಂಬುದನ್ನು ಎರಡು ವಾರದಲ್ಲಿ ಉತ್ತರಿಸಲಾಗದೆಂದು ಬಿಟ್ಟೆವು. ‘ಬೀನ್ಸಿನ ದರ ಎಷ್ಟು?’ ಎಂಬುದು ಒಂದು ಸಂಜೆಗೆ ಮುಗಿಯುವುದೆಂದು ಬಿಟ್ಟೆವು. ಉಳಿದದ್ದು ಒಬ್ಬ ಹುಡುಗಿಯ ಮನೆಯ ಜಗಳ: ಬೆಳಿಗ್ಗೆ ಕೊಳ್ಳುವುದು ಲಾಭವೋ, ರಾತ್ರಿ ಎಂಟರ ಮೇಲೆ ಕೊಳ್ಳುವುದೋ? ತಾಯಿ ಒಂದು ಹೇಳುತ್ತಾಳೆ, ಅಜ್ಜಿ ಇನ್ನೊಂದು. ಯಾರು ಸರಿಯೆಂದು ನನಗೂ ಗೊತ್ತಿರಲಿಲ್ಲವಾದ್ದರಿಂದ ಅದನ್ನೇ ಆರಿಸಿದೆವು.

ಹತ್ತು ಶಾಲಾ ದಿನಗಳು, ನಡುವೆ ಒಂದು ಶನಿವಾರ ಮತ್ತು ಭಾನುವಾರ. ಮೊದಲ ಸೋಮವಾರ ಪ್ರಶ್ನೆ. ಮಂಗಳವಾರ ದರ ಬರೆಯುವ ಚೀಟಿಯ ನಮೂನೆ. ಆ ಸಂಜೆಯೇ ಪ್ರತಿ ಮಗುವೂ ಮೂರು ಅಂಗಡಿಗಳಲ್ಲಿ ಅದನ್ನು ಪರೀಕ್ಷಿಸಿ ನೋಡಬೇಕು. ಬುಧವಾರ ಆ ಚೀಟಿಗಳ ತಿದ್ದುಪಡಿ. ಗುರುವಾರದಿಂದ ಭಾನುವಾರದವರೆಗೆ ನಾಲ್ಕು ಬೆಳಿಗ್ಗೆ, ನಾಲ್ಕು ರಾತ್ರಿ ದರ ಸಂಗ್ರಹ. ಎರಡನೆಯ ಸೋಮವಾರ ಎಲ್ಲ ಚೀಟಿಗಳೂ ಕೈಗೆ, ಮಂಗಳವಾರ ಕೋಷ್ಟಕ. ಬುಧವಾರವನ್ನು ಬೇಕೆಂದೇ ಖಾಲಿ ಬಿಟ್ಟೆ. ಗುರುವಾರ ಹಾಳೆಯ ಕರಡು, ಶುಕ್ರವಾರ ಅಚ್ಚುಕಟ್ಟಾದ ಪ್ರತಿ. ಚೀಟಿ, ಪರೀಕ್ಷೆಯ ದರ, ಪೂರ್ಣ ದರ, ಕೋಷ್ಟಕ, ಕರಡು ಈ ಐದೂ ಕೈಗೆ ಕೊಡಬೇಕಾದ ವಸ್ತುಗಳು; ಇವೇ ನಮ್ಮ ಮೈಲಿಗಲ್ಲುಗಳು.

ಆದರೆ ಮೈಲಿಗಲ್ಲು ಕೆಲಸ ಎಲ್ಲಿಗೆ ಬಂತೆಂದು ಹೇಳುತ್ತದೆಯೇ ಹೊರತು ದಾರಿ ಸರಿಯೇ ಎಂದು ಹೇಳುವುದಿಲ್ಲ. ಅದಕ್ಕಾಗಿ ಮೂರು ಕಡೆ ನಿಲುಗಡೆಗಳನ್ನಿಟ್ಟೆ: ಮೊದಲ ಬುಧವಾರ, ಎರಡನೆಯ ಸೋಮವಾರ, ಎರಡನೆಯ ಗುರುವಾರ. ಅಂದು ಪ್ರತಿ ಮಗುವಿನ ಬಳಿ ಮೂರು ನಿಮಿಷ ಕುಳಿತು, ಅದರ ಹಾಳೆಯ ಯಾವುದೋ ಒಂದು ಅಂಕಿಯ ಮೇಲೆ ಬೆರಳಿಟ್ಟು ‘ಇದು ಎಲ್ಲಿಂದ ಬಂತು?’ ಎಂದು ಕೇಳುವುದು. ಹನ್ನೆರಡು ಮಕ್ಕಳಿಗೆ ಮೂವತ್ತಾರು ನಿಮಿಷ, ಒಂದು ಪಿರಿಯಡ್. ಹೇಳಲಾಗದಿದ್ದರೆ ಆ ಗುಂಪು ಅಲ್ಲಿಂದ ಮುಂದೆ ಹೋಗುವಂತಿಲ್ಲ. ಅರವತ್ತು ಮಕ್ಕಳ ತರಗತಿಯಲ್ಲಿ ಇದು ನಡೆಯದು. ಅಲ್ಲಿ ಗುಂಪಿಗೊಬ್ಬರಂತೆ ಚೀಟಿ ಎತ್ತಿ ಕೇಳಬೇಕಾದೀತು. ಹೆಸರು ಮೊದಲೇ ಗೊತ್ತಿರದಿದ್ದರೆ ಎಲ್ಲರೂ ಸಿದ್ಧರಾಗಿರುತ್ತಾರೆ.

ಮೊದಲ ನಿಲುಗಡೆಯಲ್ಲೇ ಹಳೆಯ ತಪ್ಪು ಮತ್ತೆ ಕಾಣಿಸಿತು. ಹನ್ನೆರಡರಲ್ಲಿ ಐದು ಚೀಟಿಗಳಲ್ಲಿ ಅಳತೆಯೇ ಇರಲಿಲ್ಲ. ನಾನೇನೂ ಹೇಳದೆ ಕಳೆದ ವರ್ಷದ ಬೀನ್ಸಿನ ಆರು ಅಂಕಿಗಳನ್ನು ಹಲಗೆಯ ಮೇಲೆ ಬರೆದು, ಯಾರು ಅಗ್ಗ ಎಂದು ಕೇಳಿದೆ. ಒಬ್ಬ ಹುಡುಗ ‘ಕಿಲೋದ್ದಾ, ಪಾವಿನದ್ದಾ ಸರ್?’ ಎಂದ. ಚೀಟಿಗೆ ಒಂದು ಹೊಸ ಕಲಮು ಸೇರಿತು. ಇನ್ನೊಂದು ತೊಡಕೂ ಅಂದೇ ಹೊರಬಿತ್ತು. ಕೊಳ್ಳದೆ ದರ ಕೇಳುವ ಮಕ್ಕಳಿಗೆ ವ್ಯಾಪಾರಿಗಳು ಬಾಯಿಗೆ ಬಂದದ್ದು ಹೇಳುತ್ತಿದ್ದರು. ಆದ್ದರಿಂದ ಮನೆಯವರು ಕೊಳ್ಳಲು ಹೋದಾಗ ಮಾತ್ರ ಜೊತೆಗೆ ಹೋಗಿ, ಮೊದಲು ಹೇಳಿದ ದರ ಮತ್ತು ಕೊನೆಗೆ ಕೊಟ್ಟ ದರ ಎರಡನ್ನೂ ಬರೆಯುವುದೆಂದಾಯಿತು. ದರಗಳ ಸಂಖ್ಯೆ ಕಡಿಮೆಯಾಯಿತು, ನಂಬಿಕೆ ಹೆಚ್ಚಿತು. ರಾತ್ರಿಯ ಹೊತ್ತು ಮಕ್ಕಳು ಒಂಟಿಯಾಗಿ ಹೋಗುವುದೂ ತಪ್ಪಿತು.

ಎರಡನೆಯ ನಿಲುಗಡೆ ನನ್ನ ಯೋಜನೆಯನ್ನೇ ಬದಲಿಸಿತು. ಕೊತ್ತಂಬರಿಯ ಜೂಡಿ ಬೆಳಿಗ್ಗೆ 20, ರಾತ್ರಿ 10 ಎಂದು ಎಲ್ಲ ಚೀಟಿಗಳೂ ಹೇಳುತ್ತಿದ್ದವು. ಅಂಕಿಯ ಮೇಲೆ ಬೆರಳಿಟ್ಟಾಗ ಆ ಜಗಳದ ಮನೆಯ ಹುಡುಗಿ, ‘ಆದರೆ ಸರ್, ರಾತ್ರಿಯದನ್ನು ಅಮ್ಮ ಅರ್ಧ ಬಿಸಾಡ್ತಾಳೆ’ ಎಂದಳು. ಚೀಟಿಯಲ್ಲಿ ಆ ಮಾತಿಗೆ ಕಲಮು ಇರಲಿಲ್ಲ. ಒಬ್ಬ ಹುಡುಗನ ತಂದೆ ಕೆಲಸ ಮಾಡುವ ಹೋಟೆಲಿನ ಅಡುಗೆಮನೆಯಲ್ಲಿ ತಕ್ಕಡಿಯಿತ್ತು. ಮಂಗಳವಾರ ರಾತ್ರಿ ಮೂರು, ಬುಧವಾರ ಬೆಳಿಗ್ಗೆ ಮೂರು ಜೂಡಿಗಳನ್ನು ಕೊಂಡು, ಕೊಳೆತ ಎಲೆ, ಬೇರು ತೆಗೆದು ತೂಗಿದರು. ಬೆಳಗಿನದು ಜೂಡಿಗೆ ಸರಾಸರಿ 160 ಗ್ರಾಂ ಉಳಿಯಿತು, ರಾತ್ರಿಯದು 80. ಎರಡಕ್ಕೂ ರೂಪಾಯಿಗೆ ಎಂಟೇ ಗ್ರಾಂ. ಅಜ್ಜಿ, ತಾಯಿ ಇಬ್ಬರೂ ಗೆದ್ದರು, ಇಬ್ಬರೂ ಸೋತರು. ಖಾಲಿ ಬಿಟ್ಟ ಬುಧವಾರ ಇಲ್ಲದಿದ್ದರೆ ಆ ಹುಡುಗಿಯ ಮಾತಿಗೆ ನಾನು ‘ಈಗ ಸಮಯವಿಲ್ಲ’ ಎನ್ನಬೇಕಾಗುತ್ತಿತ್ತು.

ಮೂರನೆಯ ನಿಲುಗಡೆಯಲ್ಲಿ ಕರಡನ್ನು ಎಂಟನೆಯ ತರಗತಿಯ ಮಕ್ಕಳ ಕೈಗಿತ್ತೆವು. ಅವರಿಗೆ ಅರ್ಥವಾಗದ ಸಾಲಿನ ಕೆಳಗೆಲ್ಲ ಗೆರೆ ಬಿತ್ತು. ‘ಮಧ್ಯಾಂಕ 60’ ಎಂಬುದು ‘ಅರ್ಧದಷ್ಟು ಅಂಗಡಿಗಳಲ್ಲಿ ಕಿಲೋಗೆ 60 ಅಥವಾ ಅದಕ್ಕಿಂತ ಕಡಿಮೆ’ ಎಂದಾಯಿತು. ಮಧ್ಯಾಂಕವೆಂದರೇನೆಂದು ಮಕ್ಕಳಿಗೆ ತಿಳಿದದ್ದು ಆ ವಾಕ್ಯವನ್ನು ತಿದ್ದುವಾಗ ಎಂದು ನನ್ನ ಅನಿಸಿಕೆ.

ಅಂಕಗಳನ್ನೂ ಬದಲಿಸಿದ್ದೆ. ಇಪ್ಪತ್ತರಲ್ಲಿ ಎಂಟು ಚೀಟಿಗಳಿಗೆ ಮತ್ತು ಅವುಗಳ ಮೇಲಿನ ತಿದ್ದುಪಡಿಗಳಿಗೆ, ಆರು ಬಾಯಿಮಾತಿನ ವಿವರಣೆಗೆ, ಆರು ಹಾಳೆಗೆ. ತಿದ್ದಿದ ಚೀಟಿಯನ್ನು ಹರಿದು ಹೊಸದು ಬರೆದರೆ ಅಂಕವಿಲ್ಲ. ಹೊಡೆದುಹಾಕಿದ ಗೆರೆ ಕಾಣಬೇಕು. ಅಂದವಾಗಿ ಬರೆಯುವ ಒಬ್ಬಳ ಮೇಲೆ ಇಡೀ ಗುಂಪಿನ ಭಾರ ಬೀಳುವುದು ಇದರಿಂದ ನಿಂತಿತು. ತಪ್ಪನ್ನು ಬಚ್ಚಿಡುವುದೂ ಕಡಿಮೆಯಾಯಿತು, ನಿಲ್ಲಲಿಲ್ಲ. ಒಂದು ಗುಂಪು ಭಾನುವಾರದ ದರಗಳನ್ನು ಮನೆಯಲ್ಲೇ ಕುಳಿತು ತುಂಬಿತ್ತು. ಎಲ್ಲ ಅಂಕಿಗಳೂ ಶನಿವಾರದವೇ ಆಗಿದ್ದರಿಂದ ಸೋಮವಾರ ಗೊತ್ತಾಯಿತು. ಅವರ ಭಾನುವಾರವನ್ನು ಲೆಕ್ಕದಿಂದ ಬಿಟ್ಟೆವು.

ಹಾಳೆಯ ಕೊನೆಯಲ್ಲಿ ಮಕ್ಕಳೇ ಒಂದು ಸಾಲು ಸೇರಿಸಿದರು: ‘ನಾವು ನೋಡಿದ್ದು ಕೆಲವೇ ದಿನ, ಒಂದೇ ಗಲ್ಲಿ, ಮಳೆಗಾಲದಲ್ಲಿ ಇದು ಬದಲಾಗಬಹುದು.’ ಆ ಸಾಲನ್ನು ನಾನು ಹೇಳಿಕೊಟ್ಟಿರಲಿಲ್ಲ.

ಒಂದು ಪ್ರತಿಯನ್ನು ಮೌಶಿಗೂ ಕೊಟ್ಟೆ. ಕನ್ನಡ ಬಾರದ ಆಕೆ ಅದನ್ನು ಹಿಂದೆ ಮುಂದೆ ತಿರುಗಿಸಿ, ತಕ್ಕಡಿಯ ಕೆಳಗೆ ಮಡಚಿಟ್ಟಳು. ‘ಈ ಸಲ ಬಂದವರೆಲ್ಲ ಪಾವಾ, ಕಿಲೋನಾ ಎಂದು ಕೇಳಿ ನನ್ನ ಜೀವ ತಿಂದರು ಮಾಸ್ತರ’ ಎಂದಳು.