ಆರು ಜನದ ಸಾರು ನಲವತ್ತು ಜನಕ್ಕೆ: ಗುಣಿಸಿ ಕೆಟ್ಟ ಕಥೆ

ಇವತ್ತು ಬೆಳೆ ವಿಷಯ ಅಲ್ಲ, ಬೆಳೆ ಕಿತ್ತ ದಿನದ ಊಟದ ವಿಷಯ. ಹೋದ ವರ್ಷ ಕಡ್ಲೆಕಾಯಿ ಕೀಳೋಕೆ ಮುಯ್ಯಾಳು ಬಂದಿದ್ರು. ನಾವೂ ಸೇರಿ ನಲವತ್ತು ಜನ. ನಮ್ಮ ಮಧುಗಿರಿ, ಶಿರಾ ಕಡೆ ಗೊತ್ತಲ್ಲ, ಮುಯ್ಯಾಳಿಗೆ ಕೂಲಿ ಇಲ್ಲ. ಇವತ್ತು ಅವರು ನಮ್ಮ ಹೊಲಕ್ಕೆ, ನಾಳೆ ನಾವು ಅವರ ಹೊಲಕ್ಕೆ. ಮಧ್ಯಾಹ್ನದ ಊಟವೇ ಮರ್ಯಾದೆ. ಅದು ಕೆಟ್ಟರೆ ಬಾಯಿಬಿಟ್ಟು ಯಾರೂ ಏನೂ ಅನ್ನಲ್ಲ, ಆದ್ರೆ ಮುಂದಿನ ವರ್ಷ ಕರೆದಾಗ ಗೊತ್ತಾಗುತ್ತೆ.

ಮನೆಯವಳು ಮಗಳ ಬಾಣಂತನಕ್ಕೆ ಅಂತ ಕೊರಟಗೆರೆಗೆ ಹೋಗಿದ್ಲು. ಫೋನಲ್ಲಿ ಹುರುಳಿಕಾಳು ಸಾರಿನ ಅಳತೆ ಹೇಳಿದ್ಲು, ಮನೆಯ ಆರು ಜನಕ್ಕೆ ಮಾಡೋ ಅಳತೆ. ಸೌದೆ ಒಲೆ, ತೆರೆದ ಪಾತ್ರೆ. ಕಾಳು 300 ಗ್ರಾಂ, ನೀರು ಎರಡೂವರೆ ಲೀಟರ್, ಉಪ್ಪು 4 ಚಮಚ, ಈರುಳ್ಳಿ ಎರಡು, ಕಾಯಿ ಅರ್ಧ ಹೋಳು, ಹೀಗೆ. "ನಲವತ್ತಕ್ಕೆ ನೀವೇ ಗುಣಿಸ್ಕೊಳ್ಳಿ" ಅಂದ್ಲು. ಎಸ್ಸೆಸ್ಸೆಲ್ಸಿ ಪಾಸು ನಾನು, ಗುಣಿಸೋದು ಯಾವ ಮಹಾ ಅಂದ್ಕೊಂಡೆ.

ನಲವತ್ತನ್ನ ಆರರಿಂದ ಭಾಗಿಸಿದರೆ 6.67. ಅದನ್ನ ಏಳು ಅಂತ ಹಿಡಿದೆ. ಉಪ್ಪು ನಾಲ್ಕೇಳಲಿ ಇಪ್ಪತ್ತೆಂಟು, ಎಣಿಸೋಕೆ ಸುಲಭ ಆಗಲಿ ಅಂತ ಮೂವತ್ತು ಚಮಚ. ನೀರು ಹದಿನೇಳೂವರೆ ಲೀಟರ್. ಕಾಳು ಮಾತ್ರ ಮನೇಲಿ ಇದ್ದದ್ದೇ ಎರಡು ಕೆಜಿ, ಅಷ್ಟೇ ಹಾಕಿದೆ. ಹನ್ನೆರಡು ಗಂಟೆಗೆ ಸೌಟಲ್ಲಿ ಎತ್ತಿ ರುಚಿ ನೋಡಿದ್ರೆ ನೀರು ನೀರು, ಅದರ ಮೇಲೆ ಉಪ್ಪು ಬಾಯಿಗೆ ಹೊಡೀತಿದೆ. ಉಪ್ಪು ಜಾಸ್ತಿ ಅಂತ ನೀರು ಹಾಕೋಣ ಅಂದ್ರೆ ಇನ್ನೂ ತೆಳ್ಳಗಾಗುತ್ತೆ. ಕುದಿಸಿ ಗಟ್ಟಿ ಮಾಡೋಣ ಅಂದ್ರೆ ಉಪ್ಪು ಇನ್ನೂ ಏರುತ್ತೆ. ಎರಡು ಕಡೆಯಿಂದಲೂ ಸಿಕ್ಕಿಬಿದ್ದೆ.

ಕೊನೆಗೆ ಪಕ್ಕದ ಹೊಲದ ಅಜ್ಜಿ ದಾರಿ ತೋರಿಸಿದ್ರು. ಒಂದು ಕೆಜಿ ತೊಗರಿಬೇಳೆ ಉಪ್ಪಿಲ್ಲದೆ ನಾಲ್ಕು ಲೀಟರ್ ನೀರಲ್ಲಿ ನುಣ್ಣಗೆ ಬೇಯಿಸಿ, ಕಡೆದು, ಸಾರಿಗೆ ಬೆರೆಸಿದ್ವಿ. ಉಪ್ಪೂ ಇಳೀತು, ಸಾರೂ ಮೈ ಹಿಡೀತು. ಕೆಲವರು ಆಲೂಗಡ್ಡೆ ಹಾಕಿದ್ರೆ ಉಪ್ಪು ಹೀರುತ್ತೆ ಅಂತಾರೆ. ಅದು ಹೀರೋದು ಸಾರನ್ನೇ, ಉಪ್ಪನ್ನ ಮಾತ್ರ ಆರಿಸಿ ಹೀರಲ್ಲ. ಉಪ್ಪಿಲ್ಲದ ಪದಾರ್ಥ ಬೆರೆಸೋದೊಂದೇ ದಾರಿ. ಊಟ ಮಾತ್ರ ಒಂದು ಗಂಟೆ ತಡ ಆಯ್ತು. ಹಸಿದ ಜನ ಬೇವಿನ ಮರದ ಕೆಳಗೆ ಸುಮ್ಮನೆ ಕೂತಿದ್ದನ್ನ ನೋಡೋಕೆ ನನಗೆ ಆಗಲಿಲ್ಲ.

ಮನೆಯವಳು ಬಂದ ಮೇಲೆ ಇಬ್ಬರೂ ಕೂತು ಎಲ್ಲಿ ತಪ್ಪಿದೆ ಅಂತ ತೂಕ ಹಾಕಿ ನೋಡಿದ್ವಿ. ಮೊದಲನೇ ತಪ್ಪು, ಎರಡು ಸಲ ಮೇಲಕ್ಕೆ ಎಳೆದದ್ದು. ಸರಿಯಾದ ಲೆಕ್ಕ 26.7 ಚಮಚ. ನಾನು ಮೊದಲು ಗುಣಕವನ್ನೇ ಏಳು ಮಾಡಿ, ಆಮೇಲೆ ಉತ್ತರವನ್ನೂ ಮೂವತ್ತು ಮಾಡಿದೆ. ಗುಣಕವನ್ನ ಮುಟ್ಟಬಾರದು. 40ರಿಂದ ಗುಣಿಸಿ 6ರಿಂದ ಭಾಗಿಸಿ, ಕೊನೇಲಿ ಒಂದೇ ಸಲ ಸರಿ ಅಂಕಿ ಹಿಡೀಬೇಕು.

ಎರಡನೇ ತಪ್ಪು ಚಮಚ. "ನಾನು ಹೇಳಿದ್ದು ಕಲ್ಲುಪ್ಪಿನ ಚಮಚ ಕಣ್ರೀ, ನೀವು ಹಾಕಿದ್ದು ಪುಡಿಯುಪ್ಪು" ಅಂದ್ಲು. ಅವಳ ನಾಲ್ಕು ಚಮಚ ಕಲ್ಲುಪ್ಪು 18 ಗ್ರಾಂ ತೂಗ್ತು. ಪುಡಿಯುಪ್ಪು ಸಂದಿ ಇಲ್ಲದೆ ಕೂರೋದ್ರಿಂದ ಒಂದೇ ಚಮಚ 6 ಗ್ರಾಂ ಬಂತು. ಬೇಕಿದ್ದದ್ದು 120 ಗ್ರಾಂ, ನಾನು ಹಾಕಿದ್ದು 180. ಆರು ಜನಕ್ಕೆ ಚಮಚದ ವ್ಯತ್ಯಾಸ ಕೈ ಅಂದಾಜಲ್ಲೇ ಸರಿಹೋಗುತ್ತೆ. ನಲವತ್ತಕ್ಕೆ ಚಮಚ ಎಣಿಸಬಾರದು, ತಕ್ಕಡಿಗೆ ಹಾಕಬೇಕು. ಈರುಳ್ಳಿನೂ ಹಾಗೇ. 13.3 ಈರುಳ್ಳಿ ಅನ್ನೋದಕ್ಕೆ ಅರ್ಥ ಇಲ್ಲ, ಎರಡು ಈರುಳ್ಳಿ 150 ಗ್ರಾಂ ಇದ್ದರೆ ನಲವತ್ತಕ್ಕೆ ಒಂದು ಕೆಜಿ.

ಮೂರನೇದು ನೀರು. ಇದು ಗುಣಾಕಾರಕ್ಕೆ ಬಗ್ಗಲ್ಲ. ಮನೇಲಿ ಎರಡೂವರೆ ಲೀಟರಲ್ಲಿ ಒಂದು ಗಂಟೆ ಕುದಿಯೋಷ್ಟರಲ್ಲಿ ಅರ್ಧ ಲೀಟರ್ ಆವಿ ಹೋಗುತ್ತೆ, ಅಂದ್ರೆ ಐದರಲ್ಲಿ ಒಂದು ಪಾಲು. ದೊಡ್ಡ ಡಬರಿಯಲ್ಲಿ ಕಡ್ಡಿ ಇಳಿಸಿ ಗುರುತು ಹಾಕಿ ನೋಡಿದ್ರೆ ಹೋಗಿದ್ದು ಒಂದೂವರೆ ಲೀಟರ್, ಹತ್ತರಲ್ಲಿ ಒಂದು ಪಾಲು. ಆವಿ ಹೋಗೋದು ಬಾಯಿಯಿಂದ. ಡಬರಿ ಹೊಟ್ಟೆ ಬೆಳೆದಷ್ಟು ಬಾಯಿ ಬೆಳೆಯಲ್ಲ. ಅದಕ್ಕೇ ಲೆಕ್ಕದಲ್ಲಿ 16.7 ಲೀಟರ್ ಬಂದ್ರೂ 15 ಸಾಕು, ಪಕ್ಕದ ಒಲೆಯಲ್ಲಿ ಬಿಸಿನೀರು ಇಟ್ಟಿರಬೇಕು. ಮನೇಲಿ ಕುಕ್ಕರಲ್ಲಿ ಮಾಡೋರಿಗೆ ಈ ಲೆಕ್ಕ ಉಲ್ಟಾ. ಕುಕ್ಕರಲ್ಲಿ ಆವಿ ಹೋಗೋದು ಕಮ್ಮಿ, ತೆರೆದ ಡಬರಿಗೆ ಬಂದಾಗ ನೀರು ಇನ್ನಷ್ಟು ಕೇಳುತ್ತೆ.

ಈಗ ಗೋಡೆಗೆ ಅಂಟಿಸಿರೋ ಪಟ್ಟಿ ಇದು. ಮೊದಲನೇದು ಆರು ಜನಕ್ಕೆ, ಎರಡನೇದು ನಲವತ್ತಕ್ಕೆ ಬರೋ ಲೆಕ್ಕ, ಮೂರನೇದು ನಾವು ಹಾಕೋದು:

ಹುರುಳಿಕಾಳು: 300 ಗ್ರಾಂ – 2 ಕೆಜಿ – 2 ಕೆಜಿ
ಈರುಳ್ಳಿ: 150 ಗ್ರಾಂ – 1 ಕೆಜಿ – 1 ಕೆಜಿ
ಕಾಯಿ: ಅರ್ಧ – 3.33 – 3
ಹುಣಸೆಹಣ್ಣು: 25 ಗ್ರಾಂ – 167 ಗ್ರಾಂ – ಮೊದಲು 150
ಸಾರಿನ ಪುಡಿ: 40 ಗ್ರಾಂ – 267 ಗ್ರಾಂ – ಮೊದಲು 200
ಉಪ್ಪು: 18 ಗ್ರಾಂ – 120 ಗ್ರಾಂ – ಮೊದಲು 100
ನೀರು: 2.5 ಲೀಟರ್ – 16.7 ಲೀಟರ್ – ಮೊದಲು 15

ಇದರಲ್ಲಿ ನಾವು ಕಂಡುಕೊಂಡ ನಿಯಮ ಒಂದೇ. ಹಾಕಿದ ಮೇಲೆ ತೆಗೆಯೋಕೆ ಆಗದ್ದನ್ನ ಕೆಳಕ್ಕೆ ಹಿಡೀಬೇಕು: ಉಪ್ಪು, ಖಾರ, ಹುಳಿ, ನೀರು. ಕಮ್ಮಿ ಬಿದ್ರೆ ಆ ಹೊತ್ತಿಗೆ ಬೇಯಿಸಿ ಸೇರಿಸೋಕೆ ಆಗದ್ದನ್ನ ಮೇಲಕ್ಕೆ ಹಿಡೀಬೇಕು: ಕಾಳು, ರಾಗಿಹಿಟ್ಟು. ಕಾಯಿ 3.33 ಬಂದ್ರೆ ಮೂರೇ ಸಾಕು, ಮೂರನೇ ಒಂದು ಹೋಳಿಗೋಸ್ಕರ ಇನ್ನೊಂದು ಕಾಯಿ ಒಡೆಯೋದು ಬೇಡ.

ರಾಗಿಹಿಟ್ಟಿಗೆ ಇನ್ನೊಂದು ಮಾತಿದೆ. ಮನೆಯ ಆರು ಜನರಲ್ಲಿ ನಮ್ಮಮ್ಮ, ಮೊಮ್ಮಕ್ಕಳೂ ಸೇರಿದಾರೆ, ಅವರು ತಿನ್ನೋದು ಅರ್ಧ ಮುದ್ದೆ. ಹೊಲದಲ್ಲಿ ಬಗ್ಗಿ ಗಿಡ ಕಿತ್ತೋರು ಎರಡೆರಡು ತಿಂತಾರೆ. ಮನೆ ಲೆಕ್ಕ ಗುಣಿಸಿದ್ರೆ ಹಿಟ್ಟು ಸಾಲಲ್ಲ. ತಲೆಗೆ 200 ಗ್ರಾಂ ಅಂತ 8 ಕೆಜಿ ಹಿಡಿದ್ವಿ. ಆದ್ರೆ 8 ಕೆಜಿಯನ್ನ ಒಂದೇ ಸಲ ತಿರುವೋಕೆ ಯಾವ ರಟ್ಟೆಗೂ ಆಗಲ್ಲ, ಒಳಗೆ ಗಂಟು ಉಳಿದು ನಡುವೆ ಹಸಿ ಇರುತ್ತೆ. ಅದನ್ನ ದೊಡ್ಡದು ಮಾಡಬಾರದು, ಎರಡೆರಡು ಕೆಜಿಯಂತೆ ನಾಲ್ಕು ಸಲ ಮಾಡಬೇಕು. ಕೊನೇ ಸಲದ್ದು ಪಂಕ್ತಿ ಕೂತ ಮೇಲೆ ತಿರುವಿದ್ರೆ ಬಿಸಿಯಾಗೂ ಸಿಗುತ್ತೆ.

ಈ ವರ್ಷ ಹಾಗೇ ಮಾಡಿದ್ವಿ. ಉಪ್ಪು 100 ಗ್ರಾಂ ಹಾಕಿ, ರುಚಿ ನೋಡಿ, ಉಳಿಸಿದ್ದ ಇಪ್ಪತ್ತೂ ಹಾಕಿದ್ವಿ, ಲೆಕ್ಕದ 120ಕ್ಕೇ ಬಂದು ನಿಲ್ತು. ಸಾರಿನ ಪುಡಿ 240ಕ್ಕೇ ಸಾಕಾಯ್ತು. ಹೋದ ವರ್ಷ ಬಂದಿದ್ದ ಪಾವಗಡದ ಭಾವ ಪಂಕ್ತಿಯಲ್ಲಿ ಕೂತು, ಮೊದಲು ಬೆರಳಲ್ಲಿ ಸಾರು ಮುಟ್ಟಿ ನಾಲಿಗೆಗೆ ಇಟ್ಟು ನೋಡಿದ್ರು. ಆಮೇಲೆ ಎರಡನೇ ಮುದ್ದೆ ಕೇಳಿದ್ರು.