ಹತ್ತು ವರ್ಷದ ಮಾತಿಗೆ ನಾನು ಬರೆದ ಉತ್ತರ



ಹೋದ ವಾರ ಸ್ಕಾಲರ್‌ಶಿಪ್ ಬಗ್ಗೆ ನಾನು ಹಾಕಿದ ಪೋಸ್ಟಿಗೆ ಒಬ್ಬರು ಬರೆದಿದ್ದನ್ನ ನಿಮ್ಮಲ್ಲಿ ಸುಮಾರು ಜನ ನೋಡಿದ್ದೀರಿ. "ಮೀಸಲಾತಿ ಹತ್ತೇ ವರ್ಷಕ್ಕೆ ಅಂತ ಸಂವಿಧಾನದಲ್ಲೇ ಇದೆ. ಇನ್ನೂ ಎಷ್ಟು ದಿನ ಕೂತು ತಿಂತೀರಾ? ನೀವು ಕ್ಲರ್ಕ್ ಆಗಿದ್ದೂ ಹಾಗೇ ಅಲ್ವಾ?" ಇಷ್ಟೇ, ಮೂರು ವಾಕ್ಯ. "ಅಣ್ಣಾ, ಇಂಥವನಿಗೆ ಅಷ್ಟು ಮೆತ್ತಗೆ ಯಾಕೆ ಬರೆದೆ?" ಅಂತ ಇನ್‌ಬಾಕ್ಸಲ್ಲಿ ಕೇಳಿದವರಿಗಾಗಿ ಇದನ್ನ ಬರೀತಿದ್ದೀನಿ.

ಆಫೀಸಲ್ಲಿ ಟಪ್ಪಾಲು ಬಂದ್ರೆ ನಾವು ಮೊದಲು ನೋಡೋದು, ಇದರಲ್ಲಿ ಉತ್ತರ ಕೊಡಬೇಕಾದ್ದು ಯಾವುದು ಅಂತ. ಈ ಮೂರು ವಾಕ್ಯದಲ್ಲಿ ಪುಸ್ತಕ ತೆಗೆದು ನಿಜವಾ ಸುಳ್ಳಾ ಅಂತ ನೋಡಬಹುದಾದ್ದು ಮೊದಲನೆಯದು ಮಾತ್ರ. ಎರಡನೆಯದು ಪ್ರಶ್ನೆಯ ಅಂಗಿ ತೊಟ್ಟ ಬೈಗುಳ. ಮೂರನೆಯದು ನನಗೆ ಹಾಕಿದ ಗಾಳ.

ಗಾಳದ ವಿಷಯ ಸ್ವಲ್ಪ ಹೇಳಲೇಬೇಕು, ನಮ್ಮ ಹುಡುಗರು ಹೆಚ್ಚಾಗಿ ಸಿಕ್ಕಿಬೀಳೋದು ಅಲ್ಲೇ. ನನ್ನ ಬಿ.ಎ. ಮಾರ್ಕ್ಸ್ ಕಾರ್ಡು ತೆಗೆದು ಹಾಕೋಣ ಅಂತ ಕೈ ಕೆರೆಯಿತು. ಆದರೆ ಹಾಕಿದ ಕೂಡಲೇ ಮಾತು ಸಂವಿಧಾನ ಬಿಟ್ಟು ನನ್ನ ಅಂಕಗಳ ಮೇಲೆ ಬಂದು ನಿಲ್ಲುತ್ತೆ. ಇವತ್ತು ನಾನು ತೋರಿಸಿದರೆ, ನಾಳೆ ಕಡಿಮೆ ಅಂಕದ ನಮ್ಮ ಹುಡುಗಿಯೊಬ್ಬಳು ತೋರಿಸಬೇಕಾಗುತ್ತೆ. ಕೇಳುವ ಹಕ್ಕು ಅವರಿಗಿದೆ ಅಂತ ನಾನೇ ಒಪ್ಪಿಕೊಟ್ಟ ಹಾಗೆ. ಅದಕ್ಕೇ ಆ ವಾಕ್ಯವನ್ನ ಮುಟ್ಟಲೇ ಇಲ್ಲ. ಮುಟ್ಟಿಲ್ಲ ಅಂತ ಹೇಳಲೂ ಇಲ್ಲ.

ನಾನು ಹಾಕಿದ ಉತ್ತರ ಇದು:

"ನಮಸ್ಕಾರ. ಹತ್ತು ವರ್ಷದ ಮಾತು ಸಂವಿಧಾನದಲ್ಲಿ ಇದ್ದದ್ದು ನಿಜ. ಅದು 334ನೇ ವಿಧಿ, ಲೋಕಸಭೆ ಮತ್ತು ವಿಧಾನಸಭೆಗಳ ಮೀಸಲು ಸ್ಥಾನಗಳಿಗೆ ಸಂಬಂಧಿಸಿದ್ದು. ಸಂಸತ್ತು ಅದನ್ನು ಮತ್ತೆ ಮತ್ತೆ ವಿಸ್ತರಿಸಿದೆ. 104ನೇ ತಿದ್ದುಪಡಿಯ ಪ್ರಕಾರ ಪರಿಶಿಷ್ಟ ಜಾತಿ, ಪಂಗಡಗಳಿಗೆ ಈಗಿನ ಅವಧಿ 2030ರ ಜನವರಿವರೆಗೆ ಇದೆ. ಶಿಕ್ಷಣಕ್ಕೆ ಸಂಬಂಧಿಸಿದ 15(4), ಉದ್ಯೋಗಕ್ಕೆ ಸಂಬಂಧಿಸಿದ 16(4) ವಿಧಿಗಳಲ್ಲಿ ಇಂಥ ಅವಧಿ ಇಲ್ಲ."

ಅವರ ಮಾತಲ್ಲಿ ಎಷ್ಟು ನಿಜ ಇದೆಯೋ ಅಷ್ಟನ್ನ ಮೊದಲೇ ಒಪ್ಪಿಬಿಟ್ಟೆ. "ಸುಳ್ಳು" ಅಂತ ಶುರು ಮಾಡಿದ್ದರೆ ಅವರು 334ರ ಫೋಟೋ ಹಾಕಿ, ನೋಡಿ ಹತ್ತು ವರ್ಷ ಅಂತ ಇದೆ ಅಂದಿದ್ದರು. ಓದುವವರಿಗೆ ನಾನೇ ಸುಳ್ಳುಗಾರ. "ಓದ್ಕೊಂಡು ಬನ್ನಿ", "ಪಾಪ ವಾಟ್ಸಾಪ್ ಪಂಡಿತರು" ಅನ್ನೋದೂ ಬೇಡ, ನಗುವ ಎಮೋಜಿಯೂ ಬೇಡ. ಅವೆಲ್ಲ ನಮ್ಮವರ ಲೈಕಿಗೆ ಚೆನ್ನ. ಆದರೆ ಹತ್ತು ವರ್ಷದ ಮಾತನ್ನ ಎಲ್ಲೋ ಕೇಳಿ ನಿಜವಿರಬಹುದು ಅಂದುಕೊಂಡ ಯಾರೋ ಸುಮ್ಮನೆ ಓದ್ತಾ ಇರ್ತಾರಲ್ಲ, ಅವರು ಅಲ್ಲಿಗೇ ಪುಟ ಮುಚ್ಚುತ್ತಾರೆ.

ಅವರು ಮತ್ತೆ ಬಂದರು: "ಅಂದ್ರೆ ಇದು ಯಾವತ್ತೂ ಮುಗಿಯಲ್ಲ ಅನ್ನಿ." ಇದು ಅಭಿಪ್ರಾಯ, ವಿಧಿ ತೋರಿಸಿ ಮುಗಿಸೋಕಾಗಲ್ಲ. "ಯಾವಾಗ ನಿಲ್ಲಬೇಕು ಅನ್ನೋದು ಚರ್ಚೆಯ ವಿಷಯ, ಹತ್ತು ವರ್ಷಕ್ಕೇ ನಿಲ್ಲಬೇಕಿತ್ತು ಅನ್ನೋದಕ್ಕೆ ಈ ವಿಧಿಗಳಲ್ಲಿ ಆಧಾರ ಇಲ್ಲ" ಅಂತ ಒಂದು ಸಾಲು ಬರೆದು ಬಿಟ್ಟೆ. ಹೊಸ ವಿಷಯ ಬರದಿದ್ದರೆ ಮೂರನೇ ಸಲ ನಾನು ಬರೆಯೋದಿಲ್ಲ.

ನಿಜವಾದ ತಲೆನೋವು ನಮ್ಮ ಕಡೆಯಿಂದಲೇ ಬಂತು. ಒಬ್ಬ ತಮ್ಮ ಅವರ ಪ್ರೊಫೈಲಿಂದ ಹೆಂಡತಿ ಫೋಟೋ ತಂದು ಹಾಕಿದ. ತಕ್ಷಣ ಫೋನ್ ಮಾಡಿ ತೆಗೆಸಿದೆ. ಬೇಜಾರಾದ, ಆಗಲಿ. ನಮ್ಮ ಹೆಣ್ಣುಮಕ್ಕಳ ಫೋಟೋ ಹಾಕಿದಾಗ ನಾವೇನು ಅಂದಿದ್ದೆವೋ ಅದೇ ಇಲ್ಲಿಗೂ.

ಆಮೇಲೆ ಬೇರೊಬ್ಬ ಬಂದು ಜಾತಿ ಹೆಸರು ಹಿಡಿದೇ ಬೈದ. ಅವನಿಗೆ ಉತ್ತರ ಬರೆಯಲಿಲ್ಲ. ಇದು ಟೀಕೆ ಅಲ್ಲ, ದೌರ್ಜನ್ಯ ತಡೆ ಕಾಯ್ದೆಯ 3(1)(ಎಸ್) ಕೆಳಗೆ ನೋಡಬೇಕಾದ್ದು. ಅವನು ಅಳಿಸೋ ಮೊದಲೇ ಬೈಗುಳ, ಪ್ರೊಫೈಲು, ದಿನ-ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು, ಲಿಂಕ್ ಬೇರೆ ಇಟ್ಟುಕೊಂಡೆ. ಆ ಫೋನಲ್ಲಿ ಏನೂ ಅಳಿಸಬೇಡ ಅಂದರು ನಮ್ಮ ವಕೀಲರು. ನಾವೂ ವಾಪಸ್ ಬೈದರೆ ಪ್ರತಿದೂರಿಗೆ ನಾವೇ ಸರಕು ಒದಗಿಸಿದ ಹಾಗೆ. ದೂರು ಕೊಟ್ಟಿದ್ದೀನಿ. ತನಿಖೆಯನ್ನ ಡಿವೈಎಸ್ಪಿ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ ಅಂತ ನಿಯಮ ಇದೆ, ಠಾಣೆಗೆ ಹೋಗುವವರು ಇದನ್ನ ನೆನಪಿಟ್ಟುಕೊಳ್ಳಿ.

ಮೊದಲನೆಯವರ ಕಾಮೆಂಟನ್ನ ಅಳಿಸಿಲ್ಲ. ಕೆಳಗೆ ನನ್ನ ಉತ್ತರವೂ ಇದೆ. ಇದೇ ಹತ್ತು ವರ್ಷದ ಮಾತು ನಿಮ್ಮ ಪೋಸ್ಟಿಗೂ ಬಂದರೆ ಕಾಪಿ ಮಾಡ್ಕೊಳ್ಳಿ, ನನ್ನ ಹೆಸರು ಹಾಕೋದೇನೂ ಬೇಡ.