ಮೇಲಿನ ತಾಕಿನ ತೂತು

ನಾನು ಸರಪಳಿ ಹಿಡಿದದ್ದು 1994ರಲ್ಲಿ, ತಿಪಟೂರು ಸೀಮೆಯಲ್ಲಿ ಖಾಸಗಿಯಾಗಿ ಜಮೀನು ಅಳೆದುಕೊಡುತ್ತಿದ್ದ ಹಿರಿಯರೊಬ್ಬರ ಕೈಕೆಳಗೆ. 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಉದ್ದಕ್ಕೊಂದು ಸರಪಳಿ, ಅಗಲಕ್ಕೊಂದು ಸರಪಳಿ ಆದರೆ ಒಂದು ಗುಂಟೆ. ಮುಂದಿನ ತುದಿ ಹಿಡಿದು ಮುಳ್ಳು, ಕಳ್ಳಿ ಅನ್ನದೆ ನೇರ ನಡೆಯುವುದು ನನ್ನ ಕೆಲಸ. ಹಿಂದಿನ ತುದಿಯಲ್ಲಿ ನಿಂತು ಬರೆದುಕೊಳ್ಳುವುದು ಅವರದು.

ಇಳಿಜಾರು ಬಂತೆಂದರೆ ಮಾತ್ರ ಅವರು ಮುಂದೆ ಬಂದು ನಿಲ್ಲುತ್ತಿದ್ದರು. ಸರಪಳಿಯನ್ನು ನೆಲದ ಮೇಲೆ ಮಲಗಿಸಿ ಎಳೆಯಲು ಬಿಡುತ್ತಿರಲಿಲ್ಲ. ಮೇಲಿನ ತುದಿ ನೆಲಕ್ಕೆ, ಕೆಳಗಿನ ತುದಿ ನನ್ನ ಎದೆಮಟ್ಟಕ್ಕೆ, ಮಧ್ಯೆ ಜೋಲು ಬೀಳದಂತೆ ಬಿಗಿ ಹಿಡಿದು, ನನ್ನ ಕೈಯಿಂದ ತೂಗುಗುಂಡು ಇಳಿಬಿಟ್ಟು, ಅದು ಮುಟ್ಟಿದ ಜಾಗಕ್ಕೆ ಮೊಳೆ ಹೊಡೆಯಬೇಕು. ಅಲ್ಲಿಂದ ಮತ್ತೆ ಒಂದು ಮೆಟ್ಟಿಲು. "ನೆಲ ಎಷ್ಟುದ್ದ ಇದೆ ಅಂತಲ್ಲ ಕಣೋ, ನಕ್ಷೇಲಿ ಎಷ್ಟುದ್ದ ಬರ್ತದೆ ಅಂತ ಅಳಿಬೇಕು" ಅನ್ನುತ್ತಿದ್ದರು. ಕಡಿದಾದ ಹೊಲದಲ್ಲಿ ಒಂದು ಸರಪಳಿ ದೂರಕ್ಕೆ ಮೂರು ನಾಲ್ಕು ಮೆಟ್ಟಿಲು ಇಳಿದದ್ದುಂಟು. ಸಂಜೆಗೆ ತೋಳು ಸೋಲುತ್ತಿತ್ತು.

ಆಮೇಲೆ ಟೋಟಲ್ ಸ್ಟೇಷನ್ ಬಂತು. ಏರು, ಇಳಿಜಾರಿನ ಲೆಕ್ಕವನ್ನು ಅದೇ ಮಾಡಿಕೊಳ್ಳುತ್ತಿತ್ತು. ಬಯಲು ಹೊಲದಲ್ಲಿ ಅರ್ಧ ದಿನದ ಕೆಲಸ ಒಂದು ಗಂಟೆಗೆ ಇಳಿಯಿತು. ತೆಂಗಿನ ತೋಟದಲ್ಲಿ ಮಾತ್ರ ಹಾಗಾಗಲಿಲ್ಲ. ಉಪಕರಣಕ್ಕೂ ಪ್ರಿಸಂ ಹಿಡಿದವನಿಗೂ ಮಧ್ಯೆ ಒಂದು ಬೊಡ್ಡೆ ಅಡ್ಡ ಬಂದರೂ ಕಾಣುವುದಿಲ್ಲ. ಮುಕ್ಕಾಲಿಯನ್ನು ಎತ್ತಿ ಇಟ್ಟು, ಎತ್ತಿ ಇಟ್ಟು, ಇಪ್ಪತ್ತು ಎಕರೆ ತೋಟಕ್ಕೆ ಎರಡು ದಿನ ಹಿಡಿಯುತ್ತಿತ್ತು.

2022ರಲ್ಲಿ ತರಬೇತಿ ಮುಗಿಸಿ, ಪ್ರಮಾಣಪತ್ರ ಪಡೆದು ಡ್ರೋನ್ ಹಾರಿಸತೊಡಗಿದಾಗ ನನ್ನ ಕಣ್ಣಿಗೆ ಮೊದಲು ಬಂದದ್ದು ಈ ತೆಂಗಿನ ತೋಟಗಳೇ. ಆ ವರ್ಷದ ಬೇಸಿಗೆಯಲ್ಲಿ 24 ಎಕರೆಯ ಒಂದು ತೋಟ ಸಿಕ್ಕಿತು. ಸುಮಾರು 500 ಮೀಟರ್ ಉದ್ದ, 195 ಮೀಟರ್ ಅಗಲ. ಯಜಮಾನರಿಗೆ ಮೂರು ವಿಷಯ ಬೇಕಿತ್ತು: ಫಸಲು ಕೊಡುವ ಮರ ಎಷ್ಟು, ಎಲ್ಲೆಲ್ಲಿ ಮರ ಸತ್ತು ಜಾಗ ಖಾಲಿ ಬಿದ್ದಿದೆ, ಮಳೆ ನೀರು ಯಾವ ದಾರಿ ಹಿಡಿದು ಇಳಿಯುತ್ತದೆ. ಕೃಷಿಹೊಂಡ ತೋಡಿಸುವ ಯೋಚನೆ ಅವರದು.

ನನ್ನ ಕ್ಯಾಮೆರಾದ ಲೆಕ್ಕ ಬಾಯಿಲೆಕ್ಕದಲ್ಲೇ ಆಗುವಂಥದ್ದು. ಸೆನ್ಸರ್ 13.2 ಮಿ.ಮೀ. ಅಗಲ, 8.8 ಮಿ.ಮೀ. ಉದ್ದ, ಲೆನ್ಸಿನ ಫೋಕಲ್ ಲೆಂತ್ ಕೂಡ 8.8 ಮಿ.ಮೀ. ಹಾಗಾಗಿ ಡ್ರೋನ್ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಹಾರುವ ದಿಕ್ಕಿನಲ್ಲಿ ಅಷ್ಟು ಮೀಟರ್ ನೆಲ, ಅಡ್ಡಕ್ಕೆ ಅದರ ಒಂದೂವರೆ ಪಟ್ಟು ನೆಲ ಒಂದು ಫೋಟೋದಲ್ಲಿ ಸಿಗುತ್ತದೆ. 60 ಮೀಟರಿನಿಂದ ತೆಗೆದರೆ 60ಕ್ಕೆ 90. ಆ 90 ಮೀಟರನ್ನು ಅಡ್ಡಸಾಲಿನ 5472 ಪಿಕ್ಸೆಲ್‌ಗಳಿಗೆ ಹಂಚಿದರೆ ಒಂದೊಂದು ಪಿಕ್ಸೆಲ್ ಪಾಲಿಗೆ ಬರುವುದು 1.6 ಸೆಂ.ಮೀ. ನೆಲ. ನೂರು ಮೀಟರ್ ಏರಿದರೆ 2.7 ಸೆಂ.ಮೀ. ಇಳಿದಷ್ಟೂ ವಿವರ ಹೆಚ್ಚು, ಏರಿದಷ್ಟೂ ಕೆಲಸ ಬೇಗ. ಅಂದು ನಾನು ತಿಳಿದುಕೊಂಡಿದ್ದು ಇಷ್ಟೇ. ಚೆನ್ನಾಗಿ ಮಾಡಿಕೊಡಬೇಕೆಂಬ ಆಸೆಯಿಂದ 60 ಮೀಟರ್ ಆರಿಸಿಕೊಂಡೆ.

ಒಂದು ಫೋಟೋದ ಮೇಲೆ ಮುಂದಿನದು ನೂರಕ್ಕೆ 80ರಷ್ಟು ಹೊದ್ದುಕೊಳ್ಳಬೇಕು, ಒಂದು ಸಾಲಿನ ಮೇಲೆ ಪಕ್ಕದ ಸಾಲು ನೂರಕ್ಕೆ 70ರಷ್ಟು. ಸೂರಿಗೆ ಹೆಂಚು ಹೊದಿಸುವಾಗ ಒಂದರ ಮೇಲೊಂದು ಸವಾರಿ ಬರುತ್ತದಲ್ಲ, ಹಾಗೆ. ಆದರೆ ಅದಕ್ಕಿಂತ ಬಹಳ ಹೆಚ್ಚು. ನೆಲದ ಒಂದೇ ಬಿಂದುವನ್ನು ಬೇರೆ ಬೇರೆ ಕಡೆಯಿಂದ ನೋಡಿದ ಹಲವು ಫೋಟೋ ಸಿಕ್ಕರೆ ಮಾತ್ರ ಸಾಫ್ಟ್‌ವೇರ್ ಅದರ ಜಾಗ, ಎತ್ತರ ಎರಡನ್ನೂ ಕಟ್ಟಬಲ್ಲದು. 60 ಮೀಟರಿಗೆ ಲೆಕ್ಕ ಹಾಕಿದರೆ 12 ಮೀಟರಿಗೊಂದು ಫೋಟೋ, 27 ಮೀಟರಿಗೊಂದು ಸಾಲು. ತೋಟದ ಉದ್ದಕ್ಕೆ ಒಂಬತ್ತು ಸಾಲು ಎಳೆದೆ. ಸಾಲಿನ ಎರಡು ತುದಿಗೂ ಒಂದೊಂದು ವೇಪಾಯಿಂಟ್. ಪರದೆಯ ಮೇಲೆ ಉತ್ತ ಸಾಲಿನ ಹಾಗೆ ಅಂದವಾಗಿ ಕಂಡಿತು.

ತೋಟದ ಕೆಳತುದಿಯಲ್ಲಿ, ಪಂಪ್ ಮನೆಯ ಮುಂದಿನ ಬಯಲಿನಿಂದ ಹಾರಿಸಿದೆ. ನೆರಳಿತ್ತು, ಸಮತಟ್ಟಾಗಿತ್ತು. ಬ್ಯಾಟರಿ ಜೋಡಿಸುತ್ತಿದ್ದಾಗ ಯಜಮಾನರು ಹನಿ ನೀರಾವರಿಯ ಕಷ್ಟ ಹೇಳಿಕೊಳ್ಳುತ್ತಿದ್ದರು. "ಇಲ್ಲಿ ಗೇಜಲ್ಲಿ ನಾಲ್ಕು ಕೇಜಿ ತೋರಿಸ್ತದೆ ಸ್ವಾಮಿ. ಮೇಲಿನ ತಾಕಲ್ಲಿ ವಾಲ್ವು ಮುಚ್ಚಿ ನೋಡಿದ್ರೂ ಒಂದೂವರೆ ದಾಟಲ್ಲ." ನಾನು ಹೂಂ ಅಂದೆ. ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಆ ರಾತ್ರಿ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಕೆಳಗಿನ ಮುಕ್ಕಾಲು ತೋಟ ಸೊಗಸಾಗಿ ಬಂದಿತ್ತು. ಮೇಲಕ್ಕೆ ಹೋಗುತ್ತಾ ಗರಿಗಳು ಕಲಸಿಹೋಗಿದ್ದವು. ಒಂದು ಮರದ ಸುಳಿ ಎರಡಾಗಿ ಕಾಣುತ್ತಿತ್ತು. ಇನ್ನೊಂದು ಮರಕ್ಕೆ ಅರ್ಧ ಸುಳಿಯೇ ಇಲ್ಲ. ಮೇಲಿನ ತಾಕಿನಲ್ಲಿ ಎರಡು ಎಕರೆಯಷ್ಟು ಜಾಗ ಬರೀ ತೂತು. ವರದಿಯಲ್ಲಿ ಯಾವ ಜಾಗವನ್ನು ಎಷ್ಟು ಫೋಟೋ ನೋಡಿವೆ ಎಂದು ಬಣ್ಣದಲ್ಲಿ ತೋರಿಸುವ ಒಂದು ಚಿತ್ರವಿರುತ್ತದೆ. ಅದು ಕೆಳಗೆ ಹಸಿರಾಗಿದ್ದು, ಮೇಲೆ ಹೋಗುತ್ತಾ ಹಳದಿಗೆ, ಕೆಂಪಿಗೆ ತಿರುಗಿತ್ತು. ಕ್ಯಾಮೆರಾ ಕೆಟ್ಟಿದ್ದರೆ ಎಲ್ಲ ಕಡೆಯೂ ಕೆಡಬೇಕಿತ್ತು. ಹೀಗೆ ಒಂದೇ ದಿಕ್ಕಿಗೆ ಹಂತಹಂತವಾಗಿ ಕೆಟ್ಟಿದೆಯೆಂದರೆ ಕಾರಣ ನೆಲದಲ್ಲೇ ಇರಬೇಕು.

ಆಗ ಗೇಜಿನ ಮಾತು ನೆನಪಾಯಿತು. ನೀರನ್ನು ಹತ್ತು ಮೀಟರ್ ಎತ್ತರಕ್ಕೆ ಒಯ್ದರೆ ಒಂದು ಕೇಜಿ ಪ್ರೆಷರ್ ಇಳಿಯುತ್ತದೆ. ನಾಲ್ಕರಿಂದ ಒಂದೂವರೆಗೆ ಇಳಿದಿದೆಯೆಂದರೆ ಮೇಲಿನ ತಾಕು ಪಂಪ್ ಮನೆಗಿಂತ 25 ಮೀಟರ್ ಎತ್ತರದಲ್ಲಿದೆ. 500 ಮೀಟರ್ ದೂರದಲ್ಲಿ 25 ಮೀಟರ್ ಏರು ನಡೆಯುವವನ ಕಾಲಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಮರಗಳ ಸಾಲಿನ ನಡುವೆ ಕಣ್ಣಿಗೂ ಕಾಣುವುದಿಲ್ಲ. ಆದರೆ ಡ್ರೋನ್ 60 ಮೀಟರ್ ಎಂದು ಎಣಿಸುವುದು ತಾನು ಎದ್ದ ಜಾಗದಿಂದ, ತನ್ನ ಕೆಳಗಿರುವ ನೆಲದಿಂದಲ್ಲ. ಮೇಲ್ತುದಿಗೆ ಹೋದಾಗ ನೆಲ 25 ಮೀಟರ್ ಹತ್ತಿರ ಬಂದಿತ್ತು. ಆ ನೆಲದ ಮೇಲೆ 15 ಮೀಟರಿನ ತೆಂಗು. ಗರಿಗೂ ಕ್ಯಾಮೆರಾಕ್ಕೂ ಉಳಿದದ್ದು ಇಪ್ಪತ್ತೇ ಮೀಟರ್.

ಇಪ್ಪತ್ತು ಮೀಟರಿನಿಂದ ಒಂದು ಫೋಟೋ ಹಿಡಿಯುವುದು 20ಕ್ಕೆ 30 ಮೀಟರ್. ಸಾಲುಗಳ ಅಂತರ ಮಾತ್ರ ಅದೇ 27. ಅಂದರೆ ಪಕ್ಕದ ಸಾಲಿನ ಮೇಲೆ ಹೊದ್ದುಕೊಂಡದ್ದು ಮೂರು ಮೀಟರ್, ನೂರಕ್ಕೆ ಹತ್ತು. ನಾನು ಬರೆದಿದ್ದು 70. ಮುಂದಿನ ಫೋಟೋದ ಜೊತೆಗಿನ 80 ಕೂಡ 40ಕ್ಕೆ ಇಳಿದಿತ್ತು. ನೆಲ ಇನ್ನೊಂದು ಹತ್ತಿಪ್ಪತ್ತು ಮೀಟರ್ ಏರಿದ್ದಿದ್ದರೆ ನಕ್ಷೆಯ ಮಾತು ಹಾಗಿರಲಿ, ಡ್ರೋನೇ ಗರಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ತೂಗುಗುಂಡು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದನ್ನು ಕಲಿತ ನಾನು, ಆ ತೋಟದ ಇಳಿಜಾರನ್ನು ಒಮ್ಮೆ ಮೇಲಿನವರೆಗೆ ನಡೆದೂ ನೋಡಿರಲಿಲ್ಲ. ಆ ನಾಚಿಕೆ ಬಹಳ ದಿನ ಕಾಡಿತು.

ವಾರ ಬಿಟ್ಟು ಮತ್ತೆ ಹೋದೆ. ಈ ಸಲ ಮೇಲ್ತುದಿಯ ಬದುವಿನಿಂದ ಹಾರಿಸಿದೆ. ಎತ್ತರ 80 ಮೀಟರ್. ಹೊದಿಕೆಯ ಲೆಕ್ಕವನ್ನು ನೆಲಕ್ಕೆ ಹಾಕದೆ, ಅಲ್ಲಿನ ಮರದ ತಲೆಗೆ ಹಾಕಿದೆ. ಮರದ ತಲೆಯಿಂದ ಡ್ರೋನಿಗೆ 65 ಮೀಟರ್. ಹಾಗಾಗಿ 13 ಮೀಟರಿಗೊಂದು ಫೋಟೋ, 29 ಮೀಟರಿಗೊಂದು ಸಾಲು. ಅತಿ ಹತ್ತಿರ ಬರುವ ವಸ್ತುವಿಗೆ ಸಾಕಾಗುವಷ್ಟಿದ್ದರೆ ಉಳಿದ ಎಲ್ಲದಕ್ಕೂ ಹೆಚ್ಚೇ ಸಿಗುತ್ತದೆ. ಕೆಳತುದಿಯಲ್ಲಿ ನೆಲದಿಂದ 105 ಮೀಟರ್ ಆಯಿತು. ಹಸಿರು ವಲಯದಲ್ಲಿ ನಮಗಿರುವ 120 ಮೀಟರಿನ ಮಿತಿಯೊಳಗೇ. ಅಲ್ಲಿ ಒಂದು ಪಿಕ್ಸೆಲ್ ಅಂದರೆ 2.9 ಸೆಂ.ಮೀ. ಮೊದಲ ಸಲದ 1.6ಕ್ಕೆ ಹೋಲಿಸಿದರೆ ಒರಟು, ನಿಜ. ಆದರೆ ಯಜಮಾನರು ಕೇಳಿದ್ದೇನು? ಎರಡು ಅಡಿ ಅಗಲದ ಬದುವಿಗೆ ಆ ಅಳತೆಯಲ್ಲೂ ಇಪ್ಪತ್ತು ಪಿಕ್ಸೆಲ್ ಸಿಗುತ್ತವೆ. ತೆಂಗಿನ ತಲೆಗೆ ಇನ್ನೂರಕ್ಕೂ ಹೆಚ್ಚು. ಮರ ಎಣಿಸಲು ಅದು ಧಾರಾಳ.

ಫಲಿತಾಂಶದಲ್ಲಿ ನಾನು ಎಣಿಸದೇ ಇದ್ದ ಇನ್ನೊಂದು ಸಂಗತಿ ಇತ್ತು. ಮೊದಲ ಸಲ ಚೆನ್ನಾಗಿ ಬಂದಿದ್ದ ಕೆಳಗಿನ ಭಾಗದ ಮರಗಳೂ ಈ ಸಲ ಇನ್ನಷ್ಟು ದುಂಡಗೆ, ಪೂರ್ತಿಯಾಗಿ ಬಂದಿದ್ದವು. ತೆಂಗಿನ ಗರಿ ಗೋಡೆಯಂಥ ವಸ್ತುವಲ್ಲ. ಹತ್ತಿರದಿಂದ ನೋಡಿದರೆ ಹತ್ತು ಹೆಜ್ಜೆ ಸರಿದ ಕೂಡಲೇ ಅದರ ರೂಪವೇ ಬದಲಾಗುತ್ತದೆ. ಗರಿಯ ಹಿಂದಿನ ಗರಿ ಕಾಣುತ್ತದೆ, ಸಂದಿಯಲ್ಲಿ ನೆಲ ಇಣುಕುತ್ತದೆ. ಎರಡು ಫೋಟೋಗಳಲ್ಲಿರುವುದು ಒಂದೇ ಗರಿ ಎಂದು ಸಾಫ್ಟ್‌ವೇರಿಗೆ ಗುರುತು ಸಿಗುವುದಿಲ್ಲ. ಗಾಳಿ ಬೀಸಿದರಂತೂ ಕೇಳಲೇಬೇಡಿ. ಎತ್ತರದಿಂದ ನೋಡಿದಾಗ ಈ ಬದಲಾವಣೆ ನಿಧಾನವಾಗುತ್ತದೆ, ಗುರುತು ಹಿಡಿಯುವುದು ಸುಲಭವಾಗುತ್ತದೆ. ಒಂದೊಂದು ಫೋಟೋದಲ್ಲಿ ವಿವರ ಕಡಿಮೆಯಾದರೂ ಒಟ್ಟು ನಕ್ಷೆ ಗಟ್ಟಿಯಾಗುತ್ತದೆ. ಖಾಲಿ ರಾಗಿ ಹೊಲಕ್ಕೆ ಈ ಮಾತು ಅಷ್ಟು ಅನ್ವಯಿಸುವುದಿಲ್ಲ. ಅಲ್ಲಿ ಧೈರ್ಯವಾಗಿ ಕೆಳಗೆ ಹಾರಬಹುದು.

ಏರು ಇದಕ್ಕಿಂತ ಹೆಚ್ಚಿರುವ ಕಡೆ ಮೇಲಿನಿಂದ ಹಾರಿಸಿದರೂ ಸಾಲದು. 50 ಮೀಟರ್ ಏರಿದ್ದರೆ ಕೆಳತುದಿಯಲ್ಲಿ 130 ಮೀಟರ್ ಆಗಿ ಮಿತಿ ದಾಟುತ್ತದೆ. ಅಂಥ ತೋಟದಲ್ಲಿ ಈಗ ಸಾಲುಗಳನ್ನು ಇಳಿಜಾರಿಗೆ ಅಡ್ಡಲಾಗಿ, ನೇಗಿಲು ಹೂಡಿದ ಹಾಗೆ ಹಾಕುತ್ತೇನೆ. ಒಂದೊಂದು ಸಾಲಿನ ವೇಪಾಯಿಂಟುಗಳಿಗೂ ಆ ಮಟ್ಟದ ನೆಲಕ್ಕೆ ತಕ್ಕ ಎತ್ತರ ಬರೆಯುತ್ತೇನೆ. ತಿರುವುಗಳು ಹೆಚ್ಚುತ್ತವೆ, ಬ್ಯಾಟರಿ ಇನ್ನೊಂದು ಬೇಕಾಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಡ್ರೋನ್ ಇಳಿಯುವುದನ್ನು ನೋಡುವಾಗ ನನ್ನ ಎಡತೋಳಿಗೆ ಹಳೆಯ ನೋವು ನೆನಪಾಗುತ್ತದೆ.

ನಕ್ಷೆ ಒಪ್ಪಿಸಿದ ದಿನ ಯಜಮಾನರು ಹಾಳೆಯ ಮೇಲೆ ಬೆರಳಿಟ್ಟು ಮೇಲಿನ ತಾಕನ್ನು ಸಾಲು ಸಾಲಾಗಿ ಎಣಿಸಿದರು. ಮರದ ಲೆಕ್ಕ ಕೂಡಿತು. ಆಮೇಲೆ ಈಶಾನ್ಯ ಮೂಲೆಗೆ ಬೆರಳು ಒಯ್ದು, "ಬಾಂದು ಕಲ್ಲು ಎಲ್ಲಿ ಸ್ವಾಮಿ?" ಅಂದರು. ಎರಡೂ ಸಲದ ಫೋಟೋಗಳನ್ನು ತೆಗೆದು ತೋರಿಸಿದೆ. ಆ ಮೂಲೆಯಲ್ಲಿ ಗರಿಗೆ ಗರಿ ಸೇರಿ ಚಪ್ಪರವಾಗಿತ್ತು. ಎಷ್ಟು ಎತ್ತರದಿಂದ, ಎಷ್ಟು ಫೋಟೋ ತೆಗೆದರೂ ಗರಿಯ ಕೆಳಗಿನ ಕಲ್ಲು ಮೇಲಿನಿಂದ ಕಾಣುವುದಿಲ್ಲ. ಅವರು ಗುದ್ದಲಿ ತಂದರು, ನಾನು ಕಾರಿನಿಂದ ಟೇಪು ತಂದೆ. ಪಕ್ಕದ ಸರ್ವೆ ನಂಬರಿನ ಕಲ್ಲಿನಿಂದ, ಟಿಪ್ಪಣಿಯಲ್ಲಿದ್ದ ಅಳತೆ ಹಿಡಿದು, ಟೇಪನ್ನು ಎದೆಮಟ್ಟಕ್ಕೆ ಬಿಗಿದು ಇಳಿಜಾರು ಇಳಿದೆವು. ಒಣಗರಿ ಸರಿಸಿ ಒಂದು ಮೊಳ ಅಗೆದಾಗ ಗುದ್ದಲಿ ಕಲ್ಲಿಗೆ ತಾಗಿತು.